ಒಂದೇ ಹಾಳೆಯಲ್ಲಿ ಎರಡು ಸರಪಳಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 46 ವರ್ಷ. ಆನ್‌ಲೈನ್ ಬೆಟ್ಟಿಂಗ್ ಬಿಟ್ಟು 14 ತಿಂಗಳಾಗಿತ್ತು. ಆದರೆ ನನ್ನ ಹತ್ತಿರ ಬಂದಿದ್ದು ಅದಕ್ಕಲ್ಲ, ಮಗಳ ವಿಷಯಕ್ಕೆ. ಪರೀಕ್ಷೆ ಮುಗಿದ ಮೇಲೆ ಗೆಳತಿಯರ ಜೊತೆ ಮೂರು ದಿನ ಪ್ರವಾಸ ಹೋಗುತ್ತೇನೆ ಎಂದು 19 ವರ್ಷದ ಮಗಳು ಕೇಳಿದ್ದಳು. ಇವರು ಆಗಲ್ಲ ಎಂದಿದ್ದರು. ಹತ್ತು ದಿನದಿಂದ ಅಪ್ಪ ಮಗಳ ನಡುವೆ ಮಾತಿಲ್ಲ.

“ಇವತ್ತು ಮೂರು ದಿನ ಅಂತಾಳೆ ಮೇಡಂ. ಒಪ್ಪಿದ್ರೆ ಮತ್ತೆ ಕೇಳ್ತಾಳೆ. ಆಮೇಲೆ ನಮ್ಮ ಮಾತು ಕೇಳೋದೇ ಬಿಡ್ತಾಳೆ. ಓದು ಹಿಂದೆ ಬೀಳುತ್ತೆ. ಕೊನೆಗೆ ಕಾಲೇಜೇ ಬಿಡ್ತಾಳೆ. ಬೆರಳು ತೋರಿಸಿದ್ರೆ ಹಸ್ತ ನುಂಗ್ತಾರೆ ಅನ್ನೋದು ಸುಮ್ನೆ ಅಲ್ಲ.”

ಇದನ್ನು ಜಾರುಬಂಡೆ ವಾದ ಎನ್ನುತ್ತಾರೆ. ಮೊದಲ ಹೆಜ್ಜೆ ಇಟ್ಟರೆ ತಳ ಮುಟ್ಟುವವರೆಗೂ ನಿಲ್ಲುವುದಿಲ್ಲ ಎಂಬ ವಾದ. ಅವತ್ತು ನಾನೊಂದು ತಪ್ಪು ಮಾಡಿದೆ. “ಒಂದು ಪ್ರವಾಸದಿಂದ ಅಷ್ಟೆಲ್ಲ ಆಗಲ್ಲ, ನೀವು ಜಾಸ್ತಿ ಯೋಚನೆ ಮಾಡ್ತಿದ್ದೀರಿ” ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಎತ್ತದೆ ಕೇಳಿದರು. “ಹಾಗಾದ್ರೆ ಆಫೀಸಿನಲ್ಲಿ ಪಂದ್ಯದ ಮೇಲೆ ಎಲ್ಲರೂ ಚಿಕ್ಕ ಬಾಜಿ ಕಟ್ತಾ ಇದ್ದಾರೆ. ನಾನೂ ಒಂದು ಸಲ ಕಟ್ಟಿದ್ರೆ ಏನೂ ಆಗಲ್ಲ, ಅಲ್ವಾ?”

ನನಗೆ ಎದೆ ಝಲ್ಲೆಂದಿತು. ‘ಒಂದೇ ಸಲ ಆಡಿದರೂ ಮುಳುಗುತ್ತೇನೆ’ ಎಂಬ ಭಯವೇ ಅವರನ್ನು 14 ತಿಂಗಳು ಕಾಪಾಡಿತ್ತು. ನೋಡುವುದಕ್ಕೆ ಅದೂ ಜಾರುಬಂಡೆ ವಾದವೇ. ಒಂದನ್ನು ನಾನು ಹಾಗೆ ತಳ್ಳಿಹಾಕಿದ್ದರಿಂದ ಇನ್ನೊಂದೂ ಸಡಿಲವಾಯಿತು.

ಮುಂದಿನ ಭೇಟಿಗೆ ಮಗಳನ್ನೂ ಕರೆದುಕೊಂಡು ಬನ್ನಿ ಎಂದೆ. ಒಂದು ಹಾಳೆಯ ಮಧ್ಯೆ ಗೆರೆ ಎಳೆದು, ಎಡಗಡೆ ಮಗಳ ಸರಪಳಿ, ಬಲಗಡೆ ಅವರ ಸರಪಳಿ ಬರೆಸಿದೆ.

ಎಡಗಡೆಯಿಂದ ಶುರು ಮಾಡಿದೆವು. “ಇಂಥ ಪ್ರವಾಸಕ್ಕೆ ಹೋದ 100 ಹುಡುಗಿಯರನ್ನು ನೆನೆಸಿಕೊಳ್ಳಿ. ಎಷ್ಟು ಜನ ಮತ್ತೆ ಹೋಗೋಕೆ ಕೇಳ್ತಾರೆ?” 80 ಎಂದರು. “ಹಾಗೆ ಮತ್ತೆ ಕೇಳಿದವರಲ್ಲಿ ಮನೆಯವರ ಮಾತು ಕೇಳೋದು ಬಿಡೋರು?” ಯೋಚಿಸಿ, ನೂರಕ್ಕೆ 40 ಎಂದರು. ಅಂದರೆ 80ರಲ್ಲಿ 32 ಜನ. ಅವರಲ್ಲಿ ಓದು ಹಿಂದೆ ಬೀಳುವವರು ನೂರಕ್ಕೆ 30, ಅಂದರೆ ಸುಮಾರು 10 ಜನ. ಅವರಲ್ಲಿ ಕಾಲೇಜು ಬಿಡುವವರು ನೂರಕ್ಕೆ 20. ಉಳಿದದ್ದು ಇಬ್ಬರು.

ಅವರು ಆ ಎರಡನ್ನೇ ನೋಡುತ್ತಾ ಕುಳಿತರು. ಅಂಕಿಯೆಲ್ಲ ಅವರದೇ ಅಂದಾಜು, ಯಾರೂ ಅಳೆದು ಹೇಳಿದ್ದಲ್ಲ. ಅದರಲ್ಲೂ ಅವರು ಕೈ ಬಿಚ್ಚಿ ಜಾಸ್ತಿಯೇ ಹೇಳಿದ್ದರು. ಆದರೂ ಇಷ್ಟೇ ಬಂತು. ಒಂದೊಂದು ಕೊಂಡಿಯನ್ನೂ ಬೇರೆಬೇರೆಯಾಗಿ ನೋಡಿದರೆ ‘ಹೌದು, ಆಗಬಹುದು’ ಅನ್ನಿಸುತ್ತದೆ. ಆದರೆ ತುದಿ ಮುಟ್ಟಬೇಕಾದರೆ ಎಲ್ಲವೂ ಒಂದರ ಹಿಂದೆ ಒಂದು ಆಗಬೇಕು. ಪ್ರತಿ ಕೊಂಡಿಯಲ್ಲೂ ಒಂದಷ್ಟು ಜನ ಕಳಚಿಕೊಳ್ಳುತ್ತಾರೆ. ಕಥೆಗೆ ಕೊಂಡಿ ಸೇರಿಸಿದಷ್ಟೂ ಕೇಳಲು ನಿಜ ಅನ್ನಿಸುತ್ತದೆ, ಆದರೆ ಹಾಗೇ ನಡೆಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಇದನ್ನು ಜನ ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. “ಪ್ರವಾಸಕ್ಕೆ ಹೋಗದ 100 ಹುಡುಗಿಯರಲ್ಲಿ ಎಷ್ಟು ಜನ ಕಾಲೇಜು ಬಿಡ್ತಾರೆ?” “ಅವರಲ್ಲೂ ಒಬ್ಬಿಬ್ಬರು ಇರ್ತಾರೆ” ಎಂದರು. ಹಾಗಿದ್ದರೆ ಆ ಇಬ್ಬರನ್ನು ಪ್ರವಾಸದ ಲೆಕ್ಕಕ್ಕೆ ಬರೆಯುವುದು ಹೇಗೆ? ಮೊದಲ ಹೆಜ್ಜೆ ಇಟ್ಟರೂ ಇಡದಿದ್ದರೂ ಕೊನೆಯ ಅಂಕಿ ಹೆಚ್ಚುಕಡಿಮೆ ಒಂದೇ ಎಂದರೆ, ಆ ಹೆಜ್ಜೆ ಯಾರನ್ನೂ ಜಾರಿಸುತ್ತಿಲ್ಲ.

ಮಗಳು ಅಲ್ಲಿಯವರೆಗೂ ಕೈಕಟ್ಟಿ ಕುಳಿತಿದ್ದಳು. “ಅಪ್ಪಾ, ನನ್ನ ಓದು ಹಿಂದೆ ಬಿದ್ರೆ ನಿಮಗೆ ಗೊತ್ತಾಗಲ್ವಾ? ಸುಮ್ನಿರ್ತೀರಾ?” ಎಂದಳು. ಅದು ಮೂರನೇ ಪ್ರಶ್ನೆ. ನಾನು ಕೇಳಬೇಕೆಂದಿದ್ದನ್ನು ಅವಳೇ ಕೇಳಿದಳು. ಈ ಸರಪಳಿಯಲ್ಲಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಕೂತು ಮಾತಾಡಬಹುದು, ತಡೆಯಬಹುದು, ಮತ್ತೆ ಕೇಳಿದಾಗ ಬೇಡ ಎನ್ನಬಹುದು. ಅಪ್ಪ ಈ ಕಥೆ ಹೇಳುವಾಗ ಅದರೊಳಗೆ ತಾವಿದ್ದೇವೆ ಎಂಬುದನ್ನೇ ಮರೆತಿದ್ದರು.

ಆಮೇಲೆ ಬಲಗಡೆಗೆ ಬಂದೆವು. ಮಗಳ ಮುಂದೆ ಮಾತಾಡಬಹುದೇ ಎಂದು ಅವರನ್ನು ಕೇಳಿದೆ. “ಅವಳಿಗೆಲ್ಲ ಗೊತ್ತು” ಎಂದರು.

ಚಿಕ್ಕ ಬಾಜಿ. ಆಮೇಲೆ ಮೊಬೈಲಿನಲ್ಲಿ ಮತ್ತೆ ಆ್ಯಪ್. ಆಮೇಲೆ ಕಳೆದುಕೊಂಡಿದ್ದನ್ನು ವಾಪಸ್ ಪಡೆಯಲು ಇನ್ನೂ ದೊಡ್ಡ ಬಾಜಿ. ಆಮೇಲೆ ಸಾಲ. ಇಲ್ಲಿ 100 ಜನರನ್ನು ಕಲ್ಪಿಸಿಕೊಳ್ಳುವ ಅಗತ್ಯವಿರಲಿಲ್ಲ. ಅವರು ಹಿಂದೆ ನಾಲ್ಕು ಸಲ ಬಿಟ್ಟಿದ್ದರು. ನಾಲ್ಕು ಸಲವೂ ‘ಒಂದೇ ಒಂದು’ ಎಂದು ಚಿಕ್ಕದರಿಂದಲೇ ಶುರುವಾಗಿತ್ತು. ಮೂರು ಸಲ ಸಾಲದಲ್ಲಿ ಮುಗಿದಿತ್ತು. ಅವರು ಬರೆದ ಅಂಕಿ ನೂರಕ್ಕೆ 90, ಮತ್ತೆ 90, ಮತ್ತೆ 80. ಕೊನೆಯಲ್ಲಿ ಉಳಿದದ್ದು ಸುಮಾರು 65.

ಆ ಅಂಕಿಗಿಂತ ಮುಖ್ಯವಾದದ್ದು ಕೊಂಡಿಗಳ ಗುಣ. ಇಲ್ಲಿ ಒಂದು ಹೆಜ್ಜೆಯೇ ಮುಂದಿನ ಹೆಜ್ಜೆಗೆ ದೂಡುತ್ತದೆ. ಸೋತರೆ ವಾಪಸ್ ಗೆಲ್ಲುವ ಹಟ, ಗೆದ್ದರೆ ಇನ್ನೊಂದು ಸಲ ನೋಡುವ ಆಸೆ. ಸೋತದ್ದನ್ನು ಗೆಲ್ಲಲು ಮತ್ತೆ ಆಡುವುದು ಜೂಜಿನ ಚಟವನ್ನು ಗುರುತಿಸುವ ಲಕ್ಷಣಗಳಲ್ಲೇ ಒಂದು. ಕೊಂಡಿಗಳ ನಡುವೆ ತಿಂಗಳುಗಳಿಲ್ಲ, ಗಂಟೆಗಳಿವೆ. ಎಲ್ಲಕ್ಕಿಂತ ಜಾಸ್ತಿ, ತಡೆಯಬೇಕಾದ ಮನಸ್ಸೇ ಇಳಿಯುತ್ತಾ ಹೋದಂತೆ ಸೋಲುತ್ತದೆ. ಮಗಳ ಸರಪಳಿಯಲ್ಲಿ ನೋಡಿಕೊಳ್ಳುವವರು ದಂಡೆಯ ಮೇಲಿದ್ದಾರೆ. ಇಲ್ಲಿ ನೋಡಿಕೊಳ್ಳಬೇಕಾದವರೇ ನೀರಿಗೆ ಇಳಿದಿರುತ್ತಾರೆ.

“ಅಪ್ಪನಿಗೆ ಅದರಲ್ಲಿ ಹಾಗಾಯ್ತು ಅಂತ ಎಲ್ಲದರಲ್ಲೂ ಹಾಗೇ ಆಗುತ್ತೆ ಅನ್ನಿಸ್ತಿದೆ” ಎಂದಳು ಮಗಳು, ಮೆಲ್ಲಗೆ. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ನಾನು ಕೊಟ್ಟ ಸಲಹೆ ಹೀಗಿತ್ತು. ಮಗಳು ಹೋಗಲಿ, ರಾತ್ರಿ ಒಂದು ಫೋನ್ ಮಾಡಲಿ. ಮುಂದಿನ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಅವತ್ತೇ ಕೂತು ಮಾತಾಡಬೇಕು ಎಂದು ಇಬ್ಬರೂ ಈಗಲೇ ಒಪ್ಪಿಕೊಳ್ಳಲಿ. ಭಯ ನಿಜವಾಗುತ್ತಿದೆಯೋ ಇಲ್ಲವೋ ತಿಳಿಯುವುದು ‘ಓದು ಹಿಂದೆ ಬೀಳುವ’ ಆ ಕೊಂಡಿಯಲ್ಲೇ. ಮೊದಲ ಹೆಜ್ಜೆಗೇ ಬೀಗ ಹಾಕುವುದಕ್ಕಿಂತ ಅಲ್ಲಿ ಕಣ್ಣಿಡುವುದು ಸರಿ.

ಬಾಜಿಗೆ ಮಾತ್ರ ಮೊದಲ ಹೆಜ್ಜೆಗೇ ಬೀಗ. ಎಷ್ಟು ಚಿಕ್ಕದಾದರೂ ಬೇಡ. ಸಹೋದ್ಯೋಗಿಗಳು ಕರೆದಾಗ ಹೇಳಲು ಒಂದು ಮಾತನ್ನು ಅಲ್ಲೇ ಬರೆದುಕೊಂಡರು. “ನಾನು ಆಡೋದು ಬಿಟ್ಟಿದ್ದೀನಿ, ದಯವಿಟ್ಟು ಕರೀಬೇಡಿ.”

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿದೆ. ಗಟ್ಟಿ ಸರಪಳಿಯನ್ನು ಪೂರ್ತಿ ನಂಬಿದರೂ ಅಪಾಯವಿದೆ. ಬಿಟ್ಟ ಚಟಕ್ಕೆ ಜನ ಮತ್ತೆ ಬೀಳುವುದು ಹೇಗೆ ಎಂದು ಮನೋವಿಜ್ಞಾನಿ ಅಲನ್ ಮಾರ್ಲಾಟ್ ಬಹಳ ಕಾಲ ಅಧ್ಯಯನ ಮಾಡಿದ್ದರು. ಒಂದು ಸಲ ಎಡವಿದವರು ‘ಇನ್ನು ಮುಗೀತು, ನನ್ನ ಕೈಲಾಗಲ್ಲ’ ಎಂದುಕೊಂಡರೆ, ಆ ಯೋಚನೆಯೇ ಅವರನ್ನು ಮುಂದಕ್ಕೆ ತಳ್ಳುತ್ತದೆ ಎಂದು ಅವರು ತೋರಿಸಿದರು. ಅದಕ್ಕೇ ಮೊದಲ ಮತ್ತು ಎರಡನೇ ಕೊಂಡಿಯ ನಡುವೆ ಹೆಂಡತಿಯ ಫೋನ್ ನಂಬರ್ ಬರೆಸಿದೆ. ಎಡವಿದರೆ ಆ್ಯಪ್ ತೆರೆಯುವ ಮೊದಲು ಆ ಫೋನ್. ಅದಕ್ಕೆ ಹೆಂಡತಿಯ ಒಪ್ಪಿಗೆಯನ್ನೂ ಮೊದಲೇ ಕೇಳಿಕೊಂಡಿದ್ದೆವು.

ಒಂದೂವರೆ ತಿಂಗಳ ನಂತರ ಬಂದಾಗ ಅದೇ ಹಾಳೆ ಅವರ ಜೇಬಿನಲ್ಲಿತ್ತು. ಮಡಿಕೆ ಬಿದ್ದು ಹರಿಯುವಂತಾಗಿತ್ತು. ಎಡಗಡೆಯ 40ನ್ನು ಹೊಡೆದು ಹಾಕಿ 10 ಎಂದು ಬರೆದಿದ್ದರು. ಬಲಗಡೆಯ ಎರಡು 90ಗಳು ಹಾಗೇ ಇದ್ದವು.