ಸೈಟ್ ನಂಬರ್, ಅಳತೆ ಇದ್ದರೂ ಚಕ್ಕುಬಂದಿ ಯಾಕೆ?

ಪ್ರಶ್ನೆ: ಕ್ರಯಪತ್ರದಲ್ಲಿ ಸೈಟ್ ನಂಬರ್ ಇದೆ, ಅಳತೆ ಇದೆ. ಮತ್ತೆ ನಾಲ್ಕು ದಿಕ್ಕಿನ ಚಕ್ಕುಬಂದಿ ಯಾಕೆ ಬೇಕು?

ಅಳತೆ ಹೇಳೋದು ಜಾಗ ಎಷ್ಟು ಅಂತ ಮಾತ್ರ. ಎಲ್ಲಿದೆ ಅನ್ನೋದನ್ನು ಹೇಳೋದು ಚಕ್ಕುಬಂದಿ. ಪತ್ರ ಬರೆಯೋದೇ ನನ್ನ ಕೆಲಸ, ಹಾಗಾಗಿ ಪತ್ರದಲ್ಲಿ ಸ್ವತ್ತಿನ ವಿವರ ಬರೆಯೋ ಷೆಡ್ಯೂಲಿನಲ್ಲಿ ನಾನು ಮೊದಲು ನೋಡೋದು ಇದನ್ನೇ.

ಒಂದು ಉದಾಹರಣೆ ತಗೊಳ್ಳಿ. ಸೈಟ್ ನಂಬರ್ 18. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ 31, ಉತ್ತರಕ್ಕೆ ಸೈಟ್ 17, ದಕ್ಷಿಣಕ್ಕೆ ಸೈಟ್ 19. ಪೂರ್ವ-ಪಶ್ಚಿಮ 40 ಅಡಿ, ಉತ್ತರ-ದಕ್ಷಿಣ 30 ಅಡಿ. ಆ ಸಾಲಿನಲ್ಲಿ ಎಲ್ಲವೂ ಇದೇ ಅಳತೆಯ ಸೈಟುಗಳು. ಆದರೆ ಈ ನಾಲ್ಕು ಗಡಿ ಒಟ್ಟಿಗೆ ಸೇರೋದು ಒಂದೇ ಜಾಗದಲ್ಲಿ.

ಈಗ ಟೈಪ್ ಮಾಡುವಾಗ ಅಳತೆ ತಿರುಗಿತು ಅಂದುಕೊಳ್ಳಿ: ಪೂರ್ವ-ಪಶ್ಚಿಮ 30, ಉತ್ತರ-ದಕ್ಷಿಣ 40. ಒಟ್ಟು ಆಗಲೂ 1200 ಚದರ ಅಡಿಯೇ, ಹಾಗಾಗಿ ಯಾರ ಕಣ್ಣಿಗೂ ಬೀಳಲ್ಲ. ಆದರೆ ಆ ಅಳತೆ ಹಿಡಿದು ಟೇಪ್ ಎಳೆದರೆ ಪಕ್ಕದ ಸೈಟಿನೊಳಗೆ 10 ಅಡಿ ಹೋಗುತ್ತೆ. ಉತ್ತರಕ್ಕೆ 17, ದಕ್ಷಿಣಕ್ಕೆ 19 ಅಂತ ಸ್ಪಷ್ಟವಾಗಿದ್ದರೆ ನಿಮ್ಮ ಜಾಗ ಅವೆರಡರ ನಡುವೆ ಇರೋದಷ್ಟೇ. ಅಳತೆಗೂ ಗಡಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಸ್ಪಷ್ಟವಾದ ಗಡಿಯನ್ನೇ ಒಪ್ಪುತ್ತವೆ.

ಸ್ಪಷ್ಟ ಅನ್ನೋದು ಇಲ್ಲಿ ಮುಖ್ಯ. "ದಕ್ಷಿಣಕ್ಕೆ ಮಾರಾಟಗಾರರ ಉಳಿಕೆ ಜಾಗ, ಪಶ್ಚಿಮಕ್ಕೂ ಅದೇ" ಅಂತ ಬರೆದ ಪತ್ರ ತುಂಬಾ ಬರುತ್ತೆ. ಆಗ ಆ ಎರಡು ಕಡೆ ಗಡಿ ಎಲ್ಲಿ ನಿಲ್ಲುತ್ತೆ ಅನ್ನೋದಕ್ಕೆ ಅಳತೆ ಬಿಟ್ಟು ಬೇರೆ ಆಧಾರ ಇರಲ್ಲ. ಪತ್ರಕ್ಕೆ ಅಳತೆ ಸಮೇತ ನಕ್ಷೆ ಲಗತ್ತಿಸಿ, ಮೂಲೆಗಳಿಗೆ ಕಲ್ಲು ನೆಡಿಸಿ. ಇನ್ನು "ಇತರರ ಸ್ವತ್ತು" ಅಂತ ಸುಮ್ನೆ ಬರೆದಿದ್ದರೆ ಅದು ಗಡಿಯೇ ಅಲ್ಲ ಅಂತ ನಾನು ಅಂದುಕೊಳ್ತೇನೆ.

ಸರಿ ಇದೆಯಾ ಅಂತ ತಿಳಿಯೋಕೆ ಪಕ್ಕದವರ ಪತ್ರ ನೋಡಿ. ನಿಮ್ಮ ಉತ್ತರಕ್ಕೆ 17 ಇದ್ದರೆ, 17ರ ಪತ್ರದಲ್ಲಿ ದಕ್ಷಿಣಕ್ಕೆ 18 ಇರಲೇಬೇಕು, ಅಲ್ವಾ? ಅಲ್ಲಿ ರಸ್ತೆ ಅಂತಲೋ 16 ಅಂತಲೋ ಇದ್ದರೆ ಎರಡರಲ್ಲಿ ಒಂದು ಪತ್ರ ತಪ್ಪು. ಹಳೆಯ ಪತ್ರದ ಷೆಡ್ಯೂಲನ್ನೇ ನಕಲು ಮಾಡಿ ನಂಬರ್ ಮಾತ್ರ ಬದಲಿಸಿದಾಗ ಹೀಗೆ ಜಾಸ್ತಿ ಆಗುತ್ತೆ. ಪತ್ರ ಹಿಡಿದು ಜಾಗಕ್ಕೂ ಹೋಗಿ, ಫೋನಿನ ದಿಕ್ಸೂಚಿ ಇಟ್ಟುಕೊಂಡು ಒಂದೊಂದೇ ದಿಕ್ಕು ತಾಳೆ ನೋಡಿ.

ನೋಂದಣಿ ಆದಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರ ಮಾಡಿಸಬೇಕು. ಅದಕ್ಕೆ ಮಾರಿದವರ ಸಹಿಯೂ ಬೇಕು. ಅವರು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹಾಕಬೇಕಾಗುತ್ತೆ. ಅದಕ್ಕೇ ಸಹಿ ಹಾಕೋ ಮೊದಲೇ ಕರಡು ಪ್ರತಿ ಕೇಳಿ ತಗೊಳ್ಳಿ.