ಹಸಿರು ಸಿಂಬಳ, ಮಗಳ ಕಿವಿನೋವು: ಆಂಟಿಬಯೋಟಿಕ್ ಬೇಕಾ?

"ನನಗೆ ಆರು ದಿನದಿಂದ ನೆಗಡಿ. ಸಿಂಬಳ ಹಸಿರಾಗಿದೆ, ಕೆನ್ನೆ ಭಾರ, ಜ್ವರ ಇಲ್ಲ. ಮೂರು ವರ್ಷದ ಮಗಳಿಗೂ ನೆಗಡಿ ಹತ್ತಿ, ನಿನ್ನೆ ರಾತ್ರಿಯಿಂದ ಬಲಗಿವಿ ನೋವು ಅಂತಾಳೆ, ಜ್ವರ 100. ಮೆಡಿಕಲ್ ಶಾಪಿನವರು ಇಬ್ಬರಿಗೂ ಮೂರು ದಿನದ ಅಜಿತ್ರೋಮೈಸಿನ್ ಕೊಟ್ಟಿದ್ದಾರೆ. ಶುರು ಮಾಡಲಾ?"

ನಿಮಗೆ ಈಗ ಬೇಡ. ಮಗಳಿಗೆ, ಯಾರಾದರೂ ಕಿವಿಯೊಳಗೆ ನೋಡುವ ತನಕ ಬೇಡ. ನಾನು ಇಎನ್‌ಟಿ ಡಾಕ್ಟರ್. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಈ ಪ್ರಶ್ನೆ ಕೇಳಿಸಿಕೊಳ್ಳುತ್ತೇನೆ.

ಮೊದಲು ನಿಮ್ಮ ವಿಷಯ. ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಿಂದ. ಅವುಗಳೊಳಗಿನ ಒಂದು ಕಿಣ್ವವೇ ಹಸಿರು. ವೈರಸ್ ಬಂದರೂ ಅವು ಮೂಗಿಗೆ ಓಡಿ ಬರುತ್ತವೆ, ಬ್ಯಾಕ್ಟೀರಿಯಾ ಬಂದರೂ ಬರುತ್ತವೆ. ಹಾಗಾಗಿ ಬಣ್ಣ ನೋಡಿ ಏನೂ ಹೇಳಲು ಆಗುವುದಿಲ್ಲ. ಎಕ್ಸ್‌ರೇಯೂ ಅಷ್ಟೇ, ಸಾದಾ ನೆಗಡಿಯಲ್ಲೂ ಸೈನಸ್ ತುಂಬಿದಂತೆ ಕಾಣುತ್ತದೆ.

ನಾನು ನೋಡುವುದು ದಿನಗಳ ಲೆಕ್ಕ. ವೈರಸ್ ನೆಗಡಿ ಮೂರರಿಂದ ಐದನೇ ದಿನದೊಳಗೆ ಏರಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ ಬ್ಯಾಕ್ಟೀರಿಯಾ ಅಂತ ಅನುಮಾನ ಪಡುತ್ತೇನೆ. ಶುರುವಿನಿಂದಲೇ 102 ದಾಟಿದ ಜ್ವರ, ಜೊತೆಗೆ ಕೀವಿನಂಥ ಸಿಂಬಳ ಇಲ್ಲವೇ ಮುಖನೋವು ಮೂರು ನಾಲ್ಕು ದಿನ ಬಿಡದೆ ಇದ್ದರೂ ಹಾಗೇ. ಮೂರನೆಯದನ್ನು ಜನ ಜಾಸ್ತಿ ಮರೆಯುತ್ತಾರೆ: ವಾಸಿಯಾಗುತ್ತಾ ಬಂದ ನೆಗಡಿ ಇದ್ದಕ್ಕಿದ್ದಂತೆ ತಿರುಗಿಕೊಳ್ಳುವುದು.

ಒಬ್ಬರು ಮೇಷ್ಟ್ರು ನಾಲ್ಕನೇ ದಿನ ಬಂದು ಮಾತ್ರೆ ಕೇಳಿದರು. ಕೊಡಲಿಲ್ಲ. ಉಪ್ಪುನೀರಿನ ಸ್ಪ್ರೇ ಮತ್ತು ನೋವಿಗೆ ಪ್ಯಾರಾಸಿಟಮಾಲ್ ಬರೆದು, ಮತ್ತೆ ಜ್ವರ ಬಂದರೆ ಅವತ್ತೇ ಬನ್ನಿ ಅಂದೆ. ಆರನೇ ದಿನ ಹಗುರಾಗಿ ಶಾಲೆಗೆ ಹೋದರು. ಎಂಟನೇ ದಿನ ಜ್ವರ 101, ಎಡಗೆನ್ನೆ ಮಾತ್ರ ಸಿಡಿತ, ಬಗ್ಗಿದರೆ ಅದೇ ಕಡೆಯ ಮೇಲಿನ ಹಲ್ಲೂ ನೋವು. ಆಗ ಆಮಾಕ್ಸಿಸಿಲಿನ್–ಕ್ಲಾವುಲನೇಟ್ ಕೊಟ್ಟೆ, ಏಳು ದಿನಕ್ಕೆ. ಅಜಿತ್ರೋಮೈಸಿನ್ ಅಲ್ಲ, ಏಕೆಂದರೆ ಸೈನಸ್ಸಿಗೂ ಕಿವಿಗೂ ಬರುವ ಮುಖ್ಯ ಬ್ಯಾಕ್ಟೀರಿಯಾ ನ್ಯುಮೊಕಾಕಸ್ ಅದಕ್ಕೆ ಎಷ್ಟೋ ಸಲ ಬಗ್ಗುವುದಿಲ್ಲ. ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧಿ ನೋಡಬೇಕಾಗುತ್ತದೆ.

ಈಗ ಮಗಳು. ಕಿವಿಯ ವಿಷಯದಲ್ಲಿ ದಿನಕ್ಕಿಂತ ಕಿವಿತಮಟೆ ಮುಖ್ಯ. ಅತ್ತರೂ, ಜ್ವರ ಬಂದರೂ ತಮಟೆ ಕೆಂಪಾಗುತ್ತದೆ, ಆದ್ದರಿಂದ ಕೆಂಪಷ್ಟೇ ಸಾಲದು. ಒಳಗೆ ಕೀವು ಕಟ್ಟಿಕೊಂಡು ತಮಟೆ ಹೊರಗೆ ಉಬ್ಬಿದ್ದರೆ ಅದು ನಿಜವಾದ ಮಧ್ಯಕಿವಿಯ ಸೋಂಕು. ದಯವಿಟ್ಟು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬೇಡಿ. ತಮಟೆ ತೂತಾಗಿದ್ದರೆ ಎಣ್ಣೆ ಒಳಗೆ ಹೋಗುತ್ತದೆ, ಆಗಿಲ್ಲದಿದ್ದರೂ ನಮಗೆ ಏನೂ ಕಾಣುವುದಿಲ್ಲ.

ಉಬ್ಬಿದ್ದರೂ ಅವಳಿಗೆ ತಕ್ಷಣ ಆಂಟಿಬಯೋಟಿಕ್ ಬೇಕಂತಿಲ್ಲ. ಎರಡು ವರ್ಷ ದಾಟಿದೆ, ಜ್ವರ 102ಕ್ಕಿಂತ ಕಡಿಮೆ, ನೋವು ಇನ್ನೂ ಎರಡು ದಿನ ಆಗಿಲ್ಲ. ಇಂಥ ಮಗುವನ್ನು 48ರಿಂದ 72 ಗಂಟೆ ಕಾದು ನೋಡಬಹುದು, ಹೆಚ್ಚಿನವು ತಾನಾಗಿಯೇ ಇಳಿಯುತ್ತವೆ. ಕಾಯುವುದು ಅಂದರೆ ಮಗುವನ್ನು ಸುಮ್ನೆ ಅಳಲು ಬಿಡುವುದಲ್ಲ! ನೋವಿಗೆ ಪ್ಯಾರಾಸಿಟಮಾಲ್ ಕೊಡಿ, ತೂಕದ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ. 12 ಕಿಲೋ ಮಗುವಿಗೆ 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ ಆದರೆ ಮೂರೂವರೆ ಎಂಎಲ್, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಬಾಟಲಿಯ ಮೇಲೆ 250 ಅಂತಲೇ ಇದೆಯಾ ನೋಡಿ, 120ರದ್ದೂ ಸಿಗುತ್ತದೆ.

ಆ ಹೊತ್ತಿನೊಳಗೆ ಕಡಿಮೆಯಾಗದಿದ್ದರೆ, ಜಾಸ್ತಿಯಾದರೆ, ಇಲ್ಲವೇ ಕಿವಿ ಸೋರಿದರೆ ಆಮಾಕ್ಸಿಸಿಲಿನ್ ಬೇಕು, ಅದೂ ಸರಿಯಾದ ಪ್ರಮಾಣದಲ್ಲಿ. ಕಿಲೋಗೆ ದಿನಕ್ಕೆ 80ರಿಂದ 90 ಮಿಲಿಗ್ರಾಂ, ಅಂದರೆ 12 ಕಿಲೋಗೆ ದಿನಕ್ಕೆ ಸುಮಾರು 1000, ಎರಡು ಪಾಲು ಮಾಡಿ. ಇದರ ಅರ್ಧ ಬರೆದ ಚೀಟಿಗಳನ್ನು ನೋಡಿದ್ದೇನೆ. ಆಮೇಲೆ ಔಷಧಿಯೇ ಕೆಲಸ ಮಾಡಲಿಲ್ಲ ಅಂತಾರೆ. ಆರು ತಿಂಗಳೊಳಗಿನ ಕೂಸಾದರೆ, ಇಲ್ಲವೇ ಎರಡು ವರ್ಷದೊಳಗಿನ ಮಗುವಿಗೆ ಎರಡೂ ಕಿವಿ ಉಬ್ಬಿದ್ದರೆ ನಾನು ಕಾಯುವುದಿಲ್ಲ, ಮೊದಲ ದಿನವೇ ಶುರು ಮಾಡುತ್ತೇನೆ.

ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಾಗಿದರೆ, ಮುಖ ಸೊಟ್ಟಗಾದರೆ, ಕುತ್ತಿಗೆ ಬಿಗಿದರೆ, ಮಗು ಮಂಕಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮಗೂ ಅಷ್ಟೇ: ಕಣ್ಣಿನ ಸುತ್ತ ಊದಿದರೆ ಅಥವಾ ಒಂದು ಎರಡಾಗಿ ಕಂಡರೆ ಹತ್ತು ದಿನದ ಲೆಕ್ಕ ಹಾಕುತ್ತಾ ಕೂರಬೇಡಿ.

ನೋವು ಹೋದ ಮೇಲೂ ಕೆಲವು ವಾರ ಮಗಳು ಟಿವಿ ಜೋರು ಮಾಡು ಅನ್ನಬಹುದು. ಒಳಗೆ ನೀರು ಉಳಿದಿರುತ್ತದೆ, ಅದಕ್ಕೆ ಮತ್ತೊಂದು ಕೋರ್ಸ್ ಬೇಡ. ಮೂರು ತಿಂಗಳಾದರೂ ಹಾಗೇ ಇದ್ದರೆ ಕೇಳುವಿಕೆ ಪರೀಕ್ಷೆ ಮಾಡಿಸಿ.