ಎಷ್ಟು ಸಲ ನೋಡಿದರೂ 94: ಎಲ್ಲಿ ಕಟ್ಟಿಕೊಂಡಿದೆ ವೇಗ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಹೋಂಸ್ಟೇ. 300 ಎಂಬಿಪಿಎಸ್ ಫೈಬರ್ ಇದೆ. ಕೆಳಗೆ ಆಫೀಸಿನಲ್ಲಿ ಪೂರ್ತಿ ಬರುತ್ತದೆ, ಮಹಡಿಯ ರೂಟರ್‌ನಲ್ಲಿ ಯಾವಾಗ ನೋಡಿದರೂ 94. ಹೊಸ ರೂಟರ್ ತಂದರೂ ಅಷ್ಟೇ. ಕೇಬಲ್ ಕ್ಯಾಟ್ 6. ಏನು ಮಾಡಲಿ?

ಉತ್ತರ: ವೈಫೈ ದುರ್ಬಲವಾಗಿದ್ದರೆ ವೇಗ ಒಮ್ಮೆ 60, ಒಮ್ಮೆ 140 ಎಂದು ಏರಿಳಿಯುತ್ತದೆ, ಹೀಗೆ ಒಂದೇ ಅಂಕಿಗೆ ಅಂಟಿಕೊಳ್ಳುವುದಿಲ್ಲ. ಈಥರ್ನೆಟ್ ತಂತಿಯಲ್ಲಿ ಹರಿಯುವ ಪ್ರತಿ 1538 ಬೈಟಿಗೆ ಡೌನ್‌ಲೋಡ್‌ಗೆ ದಕ್ಕುವುದು 1460ರ ಆಸುಪಾಸು. ಉಳಿದದ್ದು ವಿಳಾಸ, ತಪಾಸಣೆ, ಬಿಡುವಿಗೆ ಹೋಗುತ್ತದೆ. ಹಾಗಾಗಿ ನೂರು ಎಂಬಿಪಿಎಸ್‌ನ ಪೋರ್ಟ್‌ನಿಂದ ಕೈಗೆ ಸಿಗುವುದು 94–95. ದಾರಿಯಲ್ಲೆಲ್ಲೋ ಅಂಥದ್ದೊಂದು ಕೂತಿದೆ.

ಮಹಡಿಯ ರೂಟರ್‌ಗೆ ವಿಂಡೋಸ್ ಲ್ಯಾಪ್‌ಟಾಪ್ ಸಿಕ್ಕಿಸಿ ಪವರ್‌ಶೆಲ್‌ನಲ್ಲಿ ಇದನ್ನು ಕೊಟ್ಟರೆ:

```
Get-NetAdapter | Select-Object Name, LinkSpeed
```

`1 Gbps` ಎಂದೇ ಬರಬಹುದು. ಅದನ್ನು ನಂಬಿ ಕೂರಬೇಡಿ. ಅದು ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗಿನ ತುಂಡಿನ ವೇಗ ಮಾತ್ರ. ಅದರಾಚೆ ಕೇಬಲ್‌ಗಳನ್ನು ಕೂಡಿಸುವ ನೆಟ್‌ವರ್ಕ್ ಸ್ವಿಚ್ ಅಲ್ಲಿ ಕಾಣುವುದಿಲ್ಲ. ಫೈಬರ್ ಪೆಟ್ಟಿಗೆಯಿಂದ ಹೊರಟ ಕೇಬಲ್ಲಿನ ಬೆನ್ನುಹತ್ತಿ ಹೋಗಿ, ಅದು ನಿಂತ ಪ್ರತಿ ಜಾಗದಲ್ಲೂ ಲ್ಯಾಪ್‌ಟಾಪ್ ಸಿಕ್ಕಿಸಿ ವೇಗ ನೋಡಿ. ಯುಎಸ್‌ಬಿ ಅಡಾಪ್ಟರ್ ಬಳಸುವುದಾದರೆ ಅದೂ ಗಿಗಾಬಿಟ್‌ನದ್ದಾಗಿರಲಿ.

ಹೋಂಸ್ಟೇಗಳಲ್ಲಿ ಮೊದಲ ಅನುಮಾನ ಸಿಸಿಟಿವಿ ಪೆಟ್ಟಿಗೆಯ ಮೇಲೆ. ಕ್ಯಾಮೆರಾ ಹಾಕಿದವರು ಕೇಬಲ್ಲಿನಲ್ಲೇ ಕ್ಯಾಮೆರಾಗೆ ವಿದ್ಯುತ್ತನ್ನೂ ಕೊಡುವ ಅಗ್ಗದ ಪಿಒಇ ಸ್ವಿಚ್ ಕೂರಿಸಿರುತ್ತಾರೆ, ಆಮೇಲೆ ಬಂದ ಎಲೆಕ್ಟ್ರಿಷಿಯನ್ ಖಾಲಿ ಪೋರ್ಟ್ ಕಂಡು ಮಹಡಿಯ ಕೇಬಲ್ಲನ್ನೂ ಅದಕ್ಕೇ ಚುಚ್ಚಿರುತ್ತಾರೆ. ಲೇಬಲ್ಲಿನಲ್ಲಿ `10/100` ಎಂದಷ್ಟೇ ಇದ್ದರೆ ಅದು ನೂರರದ್ದು. ಗಿಗಾಬಿಟ್ ಆಗಿದ್ದರೆ `10/100/1000` ಎಂದಿರುತ್ತದೆ. ದೀಪದ ಬಣ್ಣ ಕಂಪನಿಗೊಂದು ಥರ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಖಚಿತಪಡಿಸಿಕೊಳ್ಳಲು, ಕೆಳಗಿನಿಂದ ಬಂದ ಮತ್ತು ಮಹಡಿಗೆ ಹೋಗುವ ಎರಡೂ ಕೇಬಲ್ ಸ್ವಿಚ್‌ನಿಂದ ಕಿತ್ತು, ಆರ್‌ಜೆ45 ಕಪ್ಲರ್‌ನಿಂದ ನೇರ ಜೋಡಿಸಿ. ಮಹಡಿಯಲ್ಲಿ ವೇಗ ನೂರು ದಾಟಿತೋ, ತಪ್ಪು ಸ್ವಿಚ್‌ನದ್ದೇ.

ಆಗಲೂ 94 ಬಂದರೆ ಕೇಬಲ್ ನೋಡಿ. ನೂರಕ್ಕೆ 1, 2, 3, 6ನೇ ಪಿನ್‌ಗಳು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. 4, 5ರ ನೀಲಿ ಜೋಡಿ ಅಥವಾ 7, 8ರ ಕಂದು ಜೋಡಿ ಕೈಕೊಟ್ಟರೆ ಎಷ್ಟೋ ಪೋರ್ಟ್‌ಗಳು ಸದ್ದಿಲ್ಲದೆ ನೂರಕ್ಕೆ ಇಳಿಯುತ್ತವೆ, ಕ್ಯಾಟ್ 6 ಆದರೂ ಅಷ್ಟೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಹೊರಗೋಡೆಯ ಕನೆಕ್ಟರ್‌ಗಳ ಪಿನ್ ಕಿಲುಬು ಹಿಡಿಯುತ್ತದೆ. ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಒಂದೇ ಕೇಬಲ್ಲಿನ ನೀಲಿ, ಕಂದು ಎಳೆಗಳನ್ನು ಇನ್ನೊಂದು ಕ್ಯಾಮೆರಾಕ್ಕೆ ಕವಲು ತೆಗೆದಿದ್ದಾರೆಯೇ ಎಂದೂ ನೋಡಿ. ಹಾಗಿದ್ದರೆ ಕ್ಯಾಮೆರಾಕ್ಕೆ ಬೇರೆ ಕೇಬಲ್ ಎಳೆಸಬೇಕು.

ಸ್ವಿಚ್‌ನದೇ ತಪ್ಪಾದರೆ ಹಳೆಯದನ್ನು ಎಸೆಯಬೇಕಿಲ್ಲ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಂದು ಕೆಳಗಿನ ಕೇಬಲ್, ಮಹಡಿಯ ಕೇಬಲ್ ಎರಡನ್ನೂ ಅದಕ್ಕೆ ಹಾಕಿ. ಹಳೆ ಪಿಒಇ ಸ್ವಿಚ್ ಅದರ ಒಂದು ಕವಲಾಗಿರಲಿ. ಕೆಲವೇ ಎಂಬಿಪಿಎಸ್ ಕೇಳುವ ಕ್ಯಾಮೆರಾಗಳಿಗೆ ನೂರು ಧಾರಾಳ. ರೆಕಾರ್ಡರ್ ಕೂಡ ಆ ಹಳೆ ಸ್ವಿಚ್‌ನಲ್ಲೇ ಉಳಿದರೆ ಹಗಲಿರುಳಿನ ವಿಡಿಯೊ ಮಹಡಿಯ ದಾರಿಗೆ ಬರುವುದೇ ಇಲ್ಲ.